ಸಂಜೆ ಎರಡು ಗಂಟೆ, ಸೀರೆಗೆ ಫಾಲ್: ಮೂರು ತಿಂಗಳ ನೋಟ್ಸು

ಜೂನ್, ಮೊದಲ ವಾರ

ತವರಿನಿಂದ ತಂದ ಕಾಲು ಮೆಷೀನು ಇದೆ. ನೇರ ಹೊಲಿಗೆ ಬಿಟ್ಟರೆ ಬೇರೇನೂ ಬರಲ್ಲ. ಸಂಜೆ ನಾಲ್ಕೂವರೆಯಿಂದ ಆರೂವರೆವರೆಗೆ ಮಗಳು ಟ್ಯೂಷನ್‌ನಲ್ಲಿರುತ್ತಾಳೆ. ಆ ಎರಡು ಗಂಟೆ ನನ್ನದು. ಬ್ಲೌಸ್ ಹೊಲಿಯೋಣ ಅಂದುಕೊಂಡಿದ್ದೆ. ಆದರೆ ಅಳತೆ, ಟ್ರಯಲ್, ಆಲ್ಟರೇಷನ್ ಅಂತ ಜನ ಬಂದು ಕೂತರೆ ಎರಡು ಗಂಟೆ ಮಾತಲ್ಲೇ ಹೋಗುತ್ತೆ. ಸೀರೆಗೆ ಫಾಲ್ ಹಚ್ಚೋದಕ್ಕೆ ಅಳತೆಯೇ ಬೇಡ. ಕೊಟ್ಟು ಹೋಗ್ತಾರೆ, ತಗೊಂಡು ಹೋಗ್ತಾರೆ. ಅದನ್ನೇ ಹಿಡಿದೆ.

ಜಿಗ್‌ಜಾಗ್ ನನ್ನ ಮೆಷೀನಿನಲ್ಲಿ ಆಗಲ್ಲ. ಅದನ್ನು ಪಕ್ಕದ ಬೀದಿಯ ಅಂಗಡಿಗೆ ಕೊಡ್ತೀನಿ, ಸೀರೆಗೆ 20 ರೂಪಾಯಿ.

ಜೂನ್, ಮೂರನೇ ವಾರ

ಮೊದಲ ಪೆಟ್ಟು. ಎದುರು ಮನೆಯವರ ಕಾಟನ್ ಸೀರೆ ಹಚ್ಚಿಕೊಟ್ಟಿದ್ದೆ. ಕೊಡುವಾಗ ಚೆನ್ನಾಗಿಯೇ ಇತ್ತು. ಒಂದು ಸಲ ಒಗೆದ ಮೇಲೆ ವಾಪಸ್ ತಂದರು. "ನೋಡಮ್ಮಾ, ನೆರಿಗೆ ಹಿಡಿದರೆ ಕೆಳಗಡೆ ಹಪ್ಪಳದ ಹಾಗೆ ಸುರುಟಿಕೊಂಡಿದೆ." ನಿಜ. ಅಂಚು ಪೂರ್ತಿ ಅಲೆ ಅಲೆ.

ತಪ್ಪು ನನ್ನದೇ. ಅಂಗಡಿಯ ಕಾಟನ್ ಫಾಲನ್ನು ನೆನೆಸದೆ ಹಚ್ಚಿದ್ದೆ. ಆಮೇಲೆ ಒಂದು ಹೊಸ ಫಾಲನ್ನು ಅಳತೆ ಮಾಡಿ ರಾತ್ರಿಯಿಡೀ ನೀರಲ್ಲಿ ಹಾಕಿದೆ. ಒಣಗಿಸಿ ಇಸ್ತ್ರಿ ಮಾಡಿ ಮತ್ತೆ ಅಳೆದೆ. ಎರಡೂವರೆ ಮೀಟರ್‌ನಲ್ಲಿ ಎರಡು ಇಂಚು ಕಮ್ಮಿ! ಫಾಲ್ ಕುಗ್ಗಿತು, ಸೀರೆ ಕುಗ್ಗಲಿಲ್ಲ. ಸೀರೆಯ ಆ ಎರಡು ಇಂಚು ಬಟ್ಟೆ ಎಲ್ಲಿಗೆ ಹೋಗಬೇಕು? ಅಲೆಯಾಗಿ ಎದ್ದಿತು.

ಈಗ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಫಾಲ್ ಒಟ್ಟಿಗೆ ನೆನೆಸ್ತೀನಿ. ಗಾಢ ಬಣ್ಣದ್ದನ್ನು ಬೇರೆ ಬೇರೆ ಬಕೆಟ್ಟಿನಲ್ಲೇ. ಕೆಂಪು, ಮೆರೂನು ಬಣ್ಣ ಬಿಡುತ್ತಾ ಅನ್ನೋದು ಅಲ್ಲೇ ಗೊತ್ತಾಗುತ್ತೆ. ಎರಡನೇ ನೀರೂ ಕೆಂಪಾದರೆ ಆ ಫಾಲ್ ತಿಳಿ ಬಣ್ಣದ ಸೀರೆಗೆ ಹೋಗಲ್ಲ. ಎದುರು ಮನೆಯವರದ್ದನ್ನು ಬಿಚ್ಚಿ ದುಡ್ಡು ತಗೊಳ್ಳದೆ ಮತ್ತೆ ಹಚ್ಚಿಕೊಟ್ಟೆ.

ಜೂನ್ ಕೊನೆ

ಇದನ್ನು ಬರೆಯೋಕೇ ನಾಚಿಕೆ. ಎರಡೂ ಅಂಚು ಒಂದೇ ಥರ ಇದ್ದ ಸೀರೆಗೆ ಮೇಲಂಚಿಗೆ ಫಾಲ್ ಹಚ್ಚಿಬಿಟ್ಟೆ. ಉಟ್ಟರೆ ಫಾಲ್ ಸೊಂಟಕ್ಕೆ ಬರುತ್ತೆ! ಬಿಚ್ಚೋಕೇ ಮುಕ್ಕಾಲು ಗಂಟೆ ಹಿಡಿಯಿತು. ಅತ್ತೆ ನಕ್ಕು ಹೇಳಿಕೊಟ್ಟರು: "ಸೀರೆಯ ಹೊರಮೈ ಮೇಲೆ ಮಾಡಿ ಹಾಸು. ಸೆರಗು ನಿನ್ನ ಬಲಗೈ ಕಡೆಗೆ ಬರಲಿ. ಆಗ ನಿನ್ನ ಕಡೆ ಇರೋ ಅಂಚೇ ಕೆಳಗಿನದು." ಉಟ್ಟು ನೋಡಿದೆ, ಸರಿಯಾಗೇ ಇದೆ. ದೊಡ್ಡ ಅಂಚು ಚಿಕ್ಕ ಅಂಚು ಇರೋ ಸೀರೆಗೆ ಈ ತಲೆನೋವೇ ಇಲ್ಲ, ದೊಡ್ಡದು ಕೆಳಗೆ.

ಈಗ ಸೀರೆ ಬಂದ ಕೂಡಲೇ ಬ್ಲೌಸ್ ಪೀಸ್ ಕತ್ತರಿಸಿ ತೆಗೆಯಬೇಕಾ ಅಂತ ಕೇಳ್ತೀನಿ. ಆಮೇಲೆ ಹಾಸಿ ನೋಡಿ, ಒಳತುದಿಯಿಂದ ಒಂದು ಗೇಣು ಬಿಟ್ಟು ಸೇಫ್ಟಿ ಪಿನ್ ಚುಚ್ಚಿಡ್ತೀನಿ. ಫಾಲ್ ಅಲ್ಲಿಂದ ಶುರು. ಸಂಜೆ ಯೋಚನೆ ಮಾಡೋ ಹಾಗೇ ಇರಬಾರದು.

ಇನ್ನೊಂದು ಸಂಜೆಯ ಕಷ್ಟ ಅಂದರೆ ದಾರದ ಬಣ್ಣ. ಟ್ಯೂಬ್‌ಲೈಟ್ ಕೆಳಗೆ ಮೆರೂನೂ ಕಾಫಿ ಬಣ್ಣವೂ ನನಗೆ ಒಂದೇ. ಬೆಳಿಗ್ಗೆ ನೋಡಿದರೆ ಹೊಲಿಗೆ ಎದ್ದು ಕಾಣುತ್ತೆ. ಅದಕ್ಕೆ ಫಾಲ್, ದಾರ ಎರಡನ್ನೂ ಹಗಲಲ್ಲೇ ಕಿಟಕಿ ಹತ್ತಿರ ಆರಿಸಿ ಸೀರೆ ಜೊತೆ ಕವರಿಗೆ ಹಾಕಿಡ್ತೀನಿ.

ಜುಲೈ, ಎರಡನೇ ವಾರ

ಆಷಾಢ. ಮದುವೆ ಇಲ್ಲ, ಸೀರೆಯೂ ಇಲ್ಲ. ವಾರಕ್ಕೆ ಮೂರು ಬಂದರೆ ಹೆಚ್ಚು. ಸುಮ್ನೆ ಕೂರೋ ಬದಲು ಕೈ ತಿದ್ದಿಕೊಂಡೆ.

ನೆನೆಸಿದ ಫಾಲ್ ಹಚ್ಚಿದರೂ ಸೀರೆ ಅಂಚು ಸ್ವಲ್ಪ ಸುಕ್ಕಾಗುತ್ತಿತ್ತು. ಮೆಷೀನಿನ ಕೆಳಗಿನ ಹಲ್ಲು ಕೆಳಗಿರೋ ಬಟ್ಟೆಯನ್ನೇ ಜಾಸ್ತಿ ಎಳೆದುಕೊಳ್ಳುತ್ತೆ. ಮೇಲಿನ ಬಟ್ಟೆ ಹಿಂದೆ ಉಳಿಯುತ್ತೆ. ನಾನು ಸೀರೆಯನ್ನು ಕೆಳಗೆ, ಫಾಲನ್ನು ಮೇಲೆ ಇಡ್ತಿದ್ದೆ. ಸೀರೆಯೇ ಜಾಸ್ತಿ ಒಳಗೆ ಹೋಗಿ ಸುಕ್ಕಾಗುತ್ತಿತ್ತು. ತಿರುಗಿಸಿದೆ, ಫಾಲ್ ಕೆಳಗೆ, ಸೀರೆ ಮೇಲೆ. ಫಾಲ್ ಕಣ್ಣಿಗೆ ಕಾಣಲ್ಲ ಅಲ್ವಾ, ಅದಕ್ಕೆ ಮೊದಲು ಕೈಯಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ತೀನಿ. ಮೇಲಿನ ದಾರ ಸೀರೆ ಬಣ್ಣ, ಬಾಬಿನ್‌ನಲ್ಲಿ ಫಾಲ್ ಬಣ್ಣ. ಅಂಚು ಈಗ ನೇರವಾಗಿ ಬೀಳುತ್ತೆ.

ಮೆಷೀನು ಕೆಳಂಚಿಗೆ ಮಾತ್ರ. ಫಾಲ್‌ನ ಮೇಲಿನ ಅಂಚನ್ನು ಯಾವಾಗಲೂ ಕೈಯಲ್ಲೇ ಹೆಮ್ ಮಾಡ್ತೀನಿ. ಸೂಜಿ ಸೀರೆಯ ಒಂದೆರಡು ಎಳೆ ಮಾತ್ರ ಹಿಡಿಯಬೇಕು. ದಾರ ಎಳೆದು ಬಿಗಿ ಮಾಡಿದರೆ ಹೊರಗೆ ಗುಳಿ ಗುಳಿ ಕಾಣುತ್ತೆ. ರೇಷ್ಮೆ ಸೀರೆಗೆ ಎರಡೂ ಕಡೆ ಕೈಹೊಲಿಗೆಯೇ. ಒಮ್ಮೆ ರೇಷ್ಮೆಯನ್ನು ಮೆಷೀನಿಗೆ ಕೊಟ್ಟಾಗ ಮೊಂಡಾಗಿದ್ದ ಸೂಜಿ ಎಳೆ ಎಳೆದು ಅಡ್ಡಕ್ಕೆ ಗೀರು ಬಿತ್ತು. ಪುಣ್ಯಕ್ಕೆ ನನ್ನದೇ ಸೀರೆ. ಈಗ ತೆಳು ಸೀರೆಗಳಿಗೆ ಹೊಸ 11 ನಂಬರ್ ಸೂಜಿ. ಟಕ್ ಟಕ್ ಅಂತ ಸದ್ದು ಬಂದರೆ ಸೂಜಿ ಬದಲಾಯಿಸ್ತೀನಿ.

ಜುಲೈ ಕೊನೆ

ಲೆಕ್ಕ ಹಾಕಿದೆ. ಇದನ್ನು ಮೊದಲೇ ಹಾಕಬೇಕಿತ್ತು.

ಮಾಮೂಲಿ ಸೀರೆಗೆ 100 ರೂಪಾಯಿ ತಗೊಳ್ತೀನಿ. ಫಾಲ್ 25, ದಾರ 3, ಜಿಗ್‌ಜಾಗ್ 20. ಉಳಿಯೋದು 52. ಸಮಯ ಒಂದು ಗಂಟೆ ಹತ್ತು ನಿಮಿಷ. ರೇಷ್ಮೆಗೆ 150 ತಗೊಳ್ತಿದ್ದೆ, ಉಳಿಯೋದು 102. ದೊಡ್ಡ ಲಾಭ ಅಂದುಕೊಂಡಿದ್ದೆ. ಆದರೆ ಅದಕ್ಕೆ ಎರಡೂವರೆ ಗಂಟೆ! ಗಂಟೆಗೆ ನೋಡಿದರೆ ಮಾಮೂಲಿ ಸೀರೆಯಲ್ಲಿ 44 ರೂಪಾಯಿ, ರೇಷ್ಮೆಯಲ್ಲಿ 40. ಜಾಸ್ತಿ ಜಾಗ್ರತೆಯ ಕೆಲಸಕ್ಕೆ ಕಮ್ಮಿ ದುಡ್ಡು.

ರೇಷ್ಮೆಗೆ 200 ಮಾಡಿದೆ. ಒಬ್ಬರು "ಅಂಗಡೀಲಿ 120ಕ್ಕೆ ಮಾಡ್ತಾರೆ ಕಣೆ" ಅಂದರು. ಅಲ್ಲಿ ಮೆಷೀನಲ್ಲಿ ಹೊಲೀತಾರೆ ಆಂಟಿ ಅಂದೆ, ಹೊರಗಿನಿಂದ ಹೊಲಿಗೆ ಕಾಣದ ನನ್ನ ಸೀರೆ ತೋರಿಸಿದೆ. ಕೊಟ್ಟೇ ಹೋದರು. ಇನ್ನಿಬ್ಬರು ಮತ್ತೆ ಬರಲಿಲ್ಲ, ಅದೂ ಸರಿಯೇ.

ಮಾಮೂಲಿ ಸೀರೆಗೆ ರೇಟು ಏರಿಸಲಿಲ್ಲ, ಸಮಯ ಇಳಿಸಿದೆ. ಒಂದೇ ಬಣ್ಣದ ದಾರದ ಸೀರೆಗಳನ್ನು ಒಂದೇ ಸಂಜೆಗೆ ಇಟ್ಟುಕೊಳ್ತೀನಿ. ಕಚ್ಚಾ ಹೊಲಿಗೆ ಎಲ್ಲಾ ಸೀರೆಗೂ ಮೊದಲು, ಆಮೇಲೆ ಮೆಷೀನು. ಈಗ ಸೀರೆಗೆ 50 ನಿಮಿಷ. ಎರಡೂ ಕೆಲಸ ಗಂಟೆಗೆ 60ರ ಆಸುಪಾಸಿಗೆ ಬಂದಿವೆ.

ಆಗಸ್ಟ್ ಕೊನೆ

ಶ್ರಾವಣ ಹಿಡಿದ ಮೇಲೆ ಉಸಿರಾಡೋಕೆ ಬಿಡಲಿಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ವಾರ ಎಲ್ಲರಿಗೂ ಗುರುವಾರದೊಳಗೇ ಬೇಕು. ಒಟ್ಟು 24 ಸಂಜೆ ಕೂತೆ. 22 ಮಾಮೂಲಿ ಸೀರೆ, 11 ರೇಷ್ಮೆ. ಖರ್ಚು ಕಳೆದು ಕೈಗೆ 2,816 ರೂಪಾಯಿ. ಭಾನುವಾರದ ನೆನೆಸೋದು, ಇಸ್ತ್ರಿ ಮಾಡೋದು ಈ ಗಂಟೆಗಳಲ್ಲಿ ಸೇರಿಲ್ಲ.

ಜಿಗ್‌ಜಾಗ್ ಅಂಗಡಿಯವರು ಹಬ್ಬದ ರಶ್‌ನಲ್ಲಿ ನನ್ನ ಆರು ಸೀರೆ ಎರಡು ದಿನ ಇಟ್ಟುಕೊಂಡರು. ನಾನು ಎಲ್ಲರ ಹತ್ತಿರ ಬೈಸಿಕೊಂಡೆ. ತಿಂಗಳಿಗೆ 33 ಸೀರೆಗೆ 660 ರೂಪಾಯಿ ಅಲ್ಲಿಗೇ ಹೋಗಿದೆ. ಸೆಕೆಂಡ್ ಹ್ಯಾಂಡ್ ಜಿಗ್‌ಜಾಗ್ ಮೆಷೀನು ತಗೊಂಡರೆ ಹೇಗೆ ಅಂತ ಮನೆಯವರು ಕೇಳಿದರು. ಆಷಾಢದಲ್ಲಿ ವಾರಕ್ಕೆ ಮೂರೇ ಸೀರೆ ಬಂದಿದ್ದು ನೆನಪಿದೆ. ದೀಪಾವಳಿವರೆಗೆ ಲೆಕ್ಕ ಬರೆದು ಆಮೇಲೆ ನೋಡ್ತೀನಿ. ಸದ್ಯಕ್ಕೆ ಗೌರಿ ಹಬ್ಬದ ಏಳು ಸೀರೆ ಕವರಿನಲ್ಲಿವೆ, ಅದರಲ್ಲಿ ಎರಡಕ್ಕೆ ಇನ್ನೂ ದಾರ ಸಿಕ್ಕಿಲ್ಲ.