ಊದಿನಕಡ್ಡಿಗಿಂತ ಮಸಾಲಿ ಖಾರಕ್ಕ ಹೆದರ್ರಿ

"ಸರ್, ನಮ್ಮ ಖಾರಪುಡಿಗೆ ಮಾರ್ಕೆಟ್ಟಿನ್ಯಾಗ ಚೊಲೋ ಹೆಸರೈತಿ. ಅದೇ ಹೆಸರ ಹಾಕಿ ಇನ್ನೂ ನಾಕೈದ ಐಟಂ ಬಿಟ್ಟರ ಓಡತಾವಲ್ರಿ?"

ನನಗೇನ ಗೊತ್ರಿ. ನಾನು ಪ್ಯಾಕೆಟ್ ಡಿಸೈನ್ ಮಾಡಾಂವ, ಜ್ಯೋತಿಷಿ ಅಲ್ಲ. ಹುಬ್ಬಳ್ಳಿಯೊಳಗ ಲಗ್ನದ ಊಟಕ್ಕ ಕುಂತ್ರೂ ಬಾಜೂಕ ಕುಂತಾವ್ರು ಇದನ್ನ ಕೇಳತಾರ, ಬಾಯಾಗ ಹೋಳಿಗಿ ಇದ್ದಾಗ. ಅದಕ್ಕ ಒಮ್ಮೆ ಬರದು ಇಡತೇನಿ, ಇನ್ನ ಮುಂದ ಲಿಂಕ್ ಕಳಸ್ತೇನಿ. ಸಿಟ್ಟು ಬರೂದು ಎಲ್ಲೆ ಅಂದ್ರ, ಅರ್ಧಾ ಮಂದಿ ಪ್ರಿಂಟಿಂಗ್ ಸಿಲಿಂಡರ್ ಮಾಡಿಸಿ, ಚೀಲದ ಆರ್ಡರ್ ಕೊಟ್ಟು, ಆಮ್ಯಾಲೆ ಬಂದು ಕೇಳತಾರ. ಅವ್ರಿಗೆ ಬೇಕಾಗಿದ್ದು ಉತ್ತರ ಅಲ್ಲ, ಆಶೀರ್ವಾದ.

ಹಾವೇರಿ ಜಿಲ್ಲಾದಾಗಿನ ಒಬ್ಬ ಸಾಹುಕಾರರು ಮಾತ್ರ ಆರ್ಡರ್ ಕೊಡೂದಕ್ಕ ಮೊದಲ ಬಂದ್ರು. ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾಡತಾರ, ಅವರ ಅವ್ವಾರ ಕಾಲದಿಂದ. ಜೋಡಿ ತಮ್ಮನೂ ಬಂದಿದ್ದ, ಅವನ ಕೈಯಾಗ ಪಟ್ಟಿ ಇತ್ತು: ಅರಿಶಿಣ ಪುಡಿ, ಮಸಾಲಿ ಖಾರ, ಮಾವಿನಕಾಯಿ ಉಪ್ಪಿನಕಾಯಿ, ಊದಿನಕಡ್ಡಿ. ಊದಿನಕಡ್ಡಿ ಯಾಕಪಾ ಅಂದ್ರ "ಮಾರ್ಜಿನ್ ಭಾಳ ಐತ್ರಿ" ಅಂದ.

ನಾನು ಹೇಳಿದ್ದಿಷ್ಟ. ನಾಕೂ ಐಟಂಗೆ ಕಂಪ್ಯೂಟರಿನ್ಯಾಗ ಡಮ್ಮಿ ಪ್ಯಾಕೆಟ್ ಮಾಡಿಕೊಡತೇನಿ, ನಿಮ್ಮ ಹಳೇ ಗಿರಾಕಿಗೋಳ ಮುಂದ ಇಡ್ರಿ. ಆದ್ರ "ಇದನ್ನ ತಗೋತೀರೇನು" ಅಂತ ಕೇಳಬ್ಯಾಡ್ರಿ, ಯಾಕಂದ್ರ ಮೋತಿ ಮುಂದ ನಮ್ಮ ಕಡೆ ಮಂದಿ ಒಲ್ಲೆ ಅನ್ನೂದಿಲ್ಲ, ಹೂಂ ಅಂದು ಚಹಾ ಕುಡದು ಹೋಗತಾರ. "ಒಳಗ ಏನಿರತೈತಿ, ಹೆಂಗಿರತೈತಿ, ತೆಗೀದ ಹೇಳ್ರಿ" ಅಂತ ಕೇಳ್ರಿ. ಹೆಸರು ನೋಡಿದ ಕೂಡಲೇ ಮಂದಿ ತಲ್ಯಾಗ ಏನ ಬರತೈತೋ ಅದs ನಿಮ್ಮ ಆಸ್ತಿ, ಮಿಷನ್ನು ಗೋದಾಮು ಅಲ್ಲ.

ಬಂದ ಉತ್ತರ ಕೇಳ್ರಿ. ಅರಿಶಿಣ ನೋಡಿ "ಬಣ್ಣ ಕಲಿಸಿರಂಗಿಲ್ಲ ಬಿಡ್ರಿ" ಅಂದ್ರು. ಉಪ್ಪಿನಕಾಯಿ ನೋಡಿ "ಎಣ್ಣಿ ಕೆಂಪಗ ತೇಲತೈತಿ, ಖಾರ ಮಾತ್ರ ಸಪ್ಪಗ" ಅಂದ್ರು. ಇದು ಖರೇನs, ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ, ಆ ಕೆಂಪು ಎಣ್ಣ್ಯಾಗ ಚೊಲೋ ಬಿಡತೈತಿ. ಮಸಾಲಿ ಖಾರ ನೋಡಿ "ಕೆಂಪಗ, ತಾಜಾ" ಅಂದ್ರು. ಊದಿನಕಡ್ಡಿ ನೋಡಿ ಒಬ್ಬ ಅಜ್ಜಿ "ಹಚ್ಚಿದ್ರ ದೇವ್ರಿಗೂ ಸೀನ ಬರತಾವು" ಅಂದ್ಲು.

ತಮ್ಮ ನಗಲಿಲ್ಲ. ಸಾಹುಕಾರ್ರು ನಕ್ಕು "ಮಸಾಲಿ ಖಾರ ಫೈನಲ್ ಹಂಗಾರ, ಎಲ್ಲಾಕಿಂತ ಹತ್ತರದ್ದು ಅದs" ಅಂದ್ರು. ನಾನು ತಡ್ರಿ ಅಂದೆ. ಮಂದಿಗೆ ತಿಳಿಯದ ಜಾಗಾ ಇದs.

ಎಲ್ಲಾರೂ ದೂರದ ಐಟಂಗೆ ಹೆದರತಾರ. ಊದಿನಕಡ್ಡಿ ಬಿಟ್ಟು ಅದು ಬಿತ್ತಂದ್ರ ರೊಕ್ಕ ಹೋಗತೈತಿ, ಮಂದಿ ನಕ್ಕು ಮರೀತಾರ, ಖಾರಪುಡಿ ಮ್ಯಾಲಿನ ನಂಬಿಕಿಗೆ ಅಷ್ಟೇನ ಧಕ್ಕಿ ಆಗೂದಿಲ್ಲ, ಯಾಕಂದ್ರ ಊದಿನಕಡ್ಡಿಗೂ ಖಾರಪುಡಿಗೂ ಸಂಬಂಧ ಇಲ್ಲಂತ ಅವ್ರಿಗೂ ಗೊತ್ತು. ಹತ್ತರದ ಐಟಂ ಕೆಟ್ಟರ ಹಂಗಲ್ಲ. 1993ರಾಗ ಬಾರ್ಬರಾ ಲೋಕೆನ್, ಡೆಬೊರಾ ರೋಡರ್ ಜಾನ್ ಅಂತ ಇಬ್ಬರು ಮಾರ್ಕೆಟಿಂಗ್ ಸಂಶೋಧಕರು ಇದನ್ನ ಪರೀಕ್ಷಾ ಮಾಡಿ ಬರದಾರ: ಹೊಸ ಮಾಲು ಹೆಸರಿಗೆ ತಕ್ಕಂಗ ಇರದಿದ್ರ ಮಂದಿ ಆ ಹೆಸರಿನ ಮ್ಯಾಲ ಇಟ್ಟ ನಂಬಿಕಿ ಸಡಲತೈತಿ, ಆದ್ರ ಆ ಮಾಲು ಇವರ ದಂಧೇದ್ದs ಅಲ್ಲ ಅಂತ ಅನಿಸಿದಲ್ಲೆ ಪೆಟ್ಟು ಕಮ್ಮಿ ಆಗಬಹುದು.

ಈಗ ಮಸಾಲಿ ಖಾರ ಹೆಂಗ ಮಾಡತಾರ ನೋಡ್ರಿ. ಒಣ ಮೆಣಸಿನಕಾಯಿ, ಕೊತ್ತಂಬರಿ ಕಾಳು, ಜೀರಿಗಿ, ಲವಂಗ, ಚಕ್ಕಿ ಎಲ್ಲಾ ಹುರೀತಾರ, ಬಳ್ಳೊಳ್ಳಿ, ಒಣ ಕೊಬ್ರಿ ಹಾಕಿ ಕುಟ್ಟತಾರ. ಹುರದ ಕೂಡಲೇ ಕೆಂಪು ಹೋಗಿ ಕಂದು ಬಂತು. ಅಂದ್ರ ಮಸಾಲಿ ಖಾರ ಎಷ್ಟ ಚೊಲೋ ಆದ್ರೂ ಇವರ ಹೆಸರು ಕೊಟ್ಟ "ಕೆಂಪು" ಅನ್ನೂ ಮಾತನ್ನ ಉಳಸಂಗಿಲ್ಲ. ಖಾರಪುಡಿ ಬಾಜೂಕ ಇಟ್ಟರ ಗಿರಾಕಿ "ಹ್ವಾದ ವರ್ಷದ್ದು ಕಲಿಸ್ಯಾರ" ಅಂತಾನ. ಎರಡನೇದ್ದು ಕೊಬ್ರಿ. ಅದರಾಗ ಎಣ್ಣಿ ಐತಿ, ಗಾಳಿ ಹತ್ತಿದ್ರ ಕಮಟು ವಾಸನಿ ಬರತೈತಿ, ಬಿಸಲಾಗ ಅಂಗಡಿ ಮುಂದ ನೇತು ಹಾಕಿದ ಪ್ಯಾಕೆಟ್ ಇನ್ನೂ ಲಗೂನ ಕೆಡತೈತಿ. ಬಳ್ಳೊಳ್ಳಿ ಸರಿಯಾಗಿ ಒಣಗಿರದಿದ್ರ ತೇವ ಉಳದು ಬೂಷ್ಟ ಹಿಡಿಯೂದು ಬ್ಯಾರೆ. ಒಣ ಖಾರಪುಡಿಗೆ ಈ ಕೊಬ್ರಿ ತ್ರಾಸ ಇಲ್ಲ, ಅದಕ್ಕ ಇಷ್ಟ ವರ್ಷ ಇವರು ಅದೇ ಸಾದಾ ಚೀಲದಾಗ ನಡಸ್ಯಾರ.

ನನ್ನ ಕೇಳಿದ್ರ, ಕೇಳಬೇಕಾದ ಪ್ರಶ್ನೆ ಇದು: ಹೊಸದು ಕೆಟ್ಟರ ಹಳೇ ಪ್ಯಾಕೆಟ್ ಬಗ್ಗೆ ಗಿರಾಕಿ ಏನಂತ ತಿಳಕೋತಾನ? ಇದನ್ನ ಯಾರೂ ಕೇಳಂಗಿಲ್ಲ. ಕೇಳಿದ್ರ ನಾನs ಚಹಾ ಕುಡಸ್ತೇನಿ.

ಹತ್ತರದ್ದು ಮಾಡಬ್ಯಾಡ್ರಿ ಅಂತ ಅಲ್ಲ. ಹಳೇ ನಂಬಿಕಿ ಯಾವ ಕಡೆ ಐತೋ ಆ ಕಡೆನs ಹೊಸದನ್ನ ನಿಂದ್ರಸಬೇಕು. ಡೆಟಾಲ್ ಸಾಬೂನಿನ ಕತಿ ಅದs. 1980ರ ದಶಕದಾಗ ಅದನ್ನ ಮೊದಲ ಮೃದು, ಪ್ರೀತಿಯ ಸಾಬೂನು ಅನ್ನೂವಂಗ ತಂದ್ರು, ನಡೀಲಿಲ್ಲ. ಗಾಯಕ್ಕ ಹಚ್ಚಿದ್ರ ಚುರ್ ಅನ್ನೂ ಹೆಸರು ಅದು, ಅದರ ಕಡೆಯಿಂದ ಮಂದಿ ಕೇಳೂದು ಕೊಳಿ ಸಾಯಬೇಕು ಅಂತ. ಆಮ್ಯಾಲೆ ಧೂಳು ಬೆವರು ಹೋಗೂ "ನೂರಕ್ಕ ನೂರು ಸ್ನಾನ" ಅಂತ ಮಾರಿದ್ರು, ಹಿಡೀತು.

ಸಾಹುಕಾರ್ರಿಗೂ ಹಂಗs ಮಾಡಿದ್ವಿ. ಪ್ಯಾಕೆಟ್ ಮ್ಯಾಲಿಂದ ಕೆಂಪು ಬಣ್ಣ ತಗದು ಮಣ್ಣಿನ ಬಣ್ಣ ಕೊಟ್ವಿ, ಕೆಂಪು ಕಾಣಸೂ ಆಸೇನs ಹುಟ್ಟಬಾರದು ಅಂತ. "ಮಸಾಲಿ ಖಾರ" ಅಂತ ದೊಡ್ಡಾಗಿ, ಮನಿ ಹೆಸರು ಕೆಳಗ ಸಣ್ಣಾಗಿ. 100 ಗ್ರಾಂ ಪ್ಯಾಕೆಟ್ ಅಷ್ಟs, ಒಡದ ಮ್ಯಾಲೆ ಲಗೂನ ತೀರಲಿ ಅಂತ, ಗಾಳಿ ಬೆಳಕು ತಡಿಯೂ ಫಾಯಿಲ್ ಚೀಲ, ಪ್ಯಾಕ್ ಮಾಡಿದ ತಾರೀಖು ಮುಂದಿನ ಬಾಜೂಕ. ಮೊದಲ ಅವರ ಗಾಡಿ ಹೋಗೂ ಅಂಗಡಿಗೋಳಿಗೆ ಮಾತ್ರ ಕೊಟ್ರು, ಮಾರದ ಉಳದು ಹಳೇದಾದ ಮಸಾಲಿ ತಾವs ವಾಪಸ್ ತರಾಕ. ಡಿಸ್ಟ್ರಿಬ್ಯೂಟರ್ ಸಿಟ್ಟಾದ. ಆಗಲಿ.

ಅರಿಶಿಣ ಮಾತ್ರ ಬ್ಯಾಡ ಅಂದೆ. ಮಂದಿ ಉತ್ತರದ ಪ್ರಕಾರ ಅದು ಎಲ್ಲಾಕಿಂತ ಸರಿ ಹೊಂದತಿತ್ತು, ಬಣ್ಣ ಕಲಿಸಂಗಿಲ್ಲ ಅನ್ನೂ ನಂಬಿಕಿ ಅಲ್ಲೂ ಅದs. ಆದ್ರ ಇವರು ಅದನ್ನ ಸಾಂಗ್ಲಿ ಕಡೆ ಒಬ್ಬರ ಹತ್ರ ಪುಡಿ ಮಾಡಿಸಿ ಚೀಲ ತುಂಬಸೂ ವಿಚಾರದಾಗಿದ್ರು. ಬ್ಯಾಡಗಿ ಕಾಯಿ ಇವರು ಸ್ವಂತ ಕೈಲೆ ಮುರದು, ಮೂಸಿ, ತೊಟ್ಟು ಬಿಡಿಸಿ ಕುಟ್ಟಸ್ತಾರ, ಮಂದಿ ನಂಬಿದ್ದು ಆ ಕೈಯನ್ನ. ಅರಿಶಿಣದ ಕೊಂಬು ಮುರದು ನೋಡಿದ್ರ ಇವ್ರಿಗೆ ಏನೂ ತಿಳಿಯಂಗಿಲ್ಲ. ಪುಡಿಯಾಗಿ ಬಂದದ್ದಂತೂ ಇನ್ನೂ ತಿಳಿಯಂಗಿಲ್ಲ.

ಹೆಸರು ಕೆಟ್ಟೈತೋ ಇಲ್ಲೋ ಗೊತ್ತಾಗೂದು ಹೊಸ ಐಟಂ ಲೆಕ್ಕದಾಗ ಅಲ್ಲ. ಹೊಸದು ಓಡಿದ್ರೂ ಹಳೇದು ಸವೀತಿರಬಹುದು. ಅದಕ್ಕ ಖಾರಪುಡಿ ಕೌಂಟರ್ ನೋಡ್ರಿ: ಮೊದಲ ಹೆಸರು ಹೇಳಿ ಒಯ್ಯಾವ್ರು ಈಗ ರೇಟ್ ಕೇಳಾಕ ಹತ್ಯಾರೇನು, ಪ್ಯಾಕೆಟ್ ಮೂಸಿ ನೋಡತಾರೇನು, "ಇದು ಮೊದಲಿಂದs ಹೌದಲ್ಲೋ" ಅಂತಾರೇನು, ಅಂಗಡಿಯಾಂವ ಇದ್ದಕ್ಕಿದ್ದಂಗ ಸ್ಕೀಮ್ ಕೇಳಾಕ ಹತ್ಯಾನೇನು. ಇವುಗೋಳಾಗ ಒಂದು ಕಂಡ್ರೂ ಹೊಸದನ್ನ ನಿಂದ್ರಸಿ ಯಾಕಂತ ಹುಡುಕ್ರಿ.

ತಮ್ಮ ಈಗ ಉಪ್ಪಿನಕಾಯಿ ಬೆನ್ನ ಹತ್ಯಾನ. ಟ್ರೇಡ್‌ಮಾರ್ಕ್ ಖಾರಪುಡಿ ಸಲುವಾಗಿ ಕ್ಲಾಸ್ 30ರಾಗ ಐತಿ, ಉಪ್ಪಿನಕಾಯಿ ಕ್ಲಾಸ್ 29ರಾಗ ಬರತೈತಿ, ಬ್ಯಾರೆ ಅರ್ಜಿ ಹಾಕಬೇಕು, ಆಹಾರ ಲೈಸನ್ಸಿನ್ಯಾಗೂ ಹೊಸ ಮಾಲು ಸೇರಸಬೇಕು ಅಂದೆ. ಮತ್ತ ಖಾರ ಬೇಕಂದ್ರ ಗುಂಟೂರ ಕಾಯಿ ಹಾಕಬೇಕಲ್ಲ, ಬ್ಯಾಡಗಿ ಅಂತ ನಂಬಿದಾವ್ರಿಗೆ ಅದನ್ನ ಲೇಬಲ್ ಮ್ಯಾಲ ಹೆಂಗ ಹೇಳತೀ ಅಂತ ಕೇಳೇನಿ. ಇನ್ನೂ ಉತ್ತರ ಬಂದಿಲ್ಲ, ಅಲ್ಲೀತನಕ ಡಿಸೈನ್ ಇಲ್ಲ.