ಹತ್ತು ನಿಮಿಷದಲ್ಲಿ ಮುಗಿಸಿದ ರೀಜನರೇಷನ್

ಕಳೆದ ಏಪ್ರಿಲ್‌ನ ಒಂದು ನಸುಕಿನಲ್ಲಿ ನಾನು ಮಾಡಿದ ತಪ್ಪು ನಿರ್ಧಾರ ಇಂದಿಗೂ ಮನಸ್ಸಿನಲ್ಲಿ ಚುಚ್ಚುತ್ತಿದೆ. ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ನೋಡಿಕೊಳ್ಳುವ ಬೇರೆಯವರಿಗೂ ಅದು ಉಪಯೋಗಕ್ಕೆ ಬರಬಹುದೆಂದು ವಿವರವಾಗಿ ಬರೆಯುತ್ತಿದ್ದೇನೆ. ಶಿವಮೊಗ್ಗದ ಹೊರವಲಯದ ಒಂದು ಕುಚ್ಚಲಕ್ಕಿ ಗಿರಣಿಯಲ್ಲಿ ಬಾಯ್ಲರ್‌ಗೆ ಹೋಗುವ ನೀರಿನ ಹೊಣೆ ನನ್ನದು. ಹೊಟ್ಟು ಸುಡುವ ಸಣ್ಣ ಬಾಯ್ಲರ್ ಅದು. ದಿನಕ್ಕೆ ಸುಮಾರು 12 ಸಾವಿರ ಲೀಟರ್ ನೀರು ಬೇಕು. ಸಾಫ್ಟ್‌ನರ್‌ನಲ್ಲಿ ಇರುವುದು ಒಂದೇ ಸಿಲಿಂಡರ್, ಅದರಲ್ಲಿ 200 ಲೀಟರ್ ರೆಸಿನ್. ಇನ್ನೊಂದು ಸಿಲಿಂಡರ್ ಇದ್ದರೆ ಒಂದು ತೊಳೆಯುವಾಗ ಇನ್ನೊಂದು ಕೆಲಸ ಮಾಡುತ್ತಿತ್ತು. ಹಾಗೆಂದು ಎರಡು ವರ್ಷದಿಂದ ಬರೆದುಕೊಡುತ್ತಲೇ ಇದ್ದೇನೆ, ಅದು ಇನ್ನೂ ಬಂದಿಲ್ಲ.

ಮಳೆಗಾಲದಿಂದ ಫೆಬ್ರವರಿಯವರೆಗೆ ನಮಗೆ ಬರುವುದು ತುಂಗಾ ನದಿಯ ನೀರು. ನಾನು ಟೈಟ್ರೇಷನ್ ಮಾಡಿದಾಗಲೆಲ್ಲ ಅದರ ಗಡಸುತನ ಲೀಟರಿಗೆ 40 ಮಿಲಿಗ್ರಾಂ ಆಸುಪಾಸಿನಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಆ ನೀರು ಸಾಲದೆ ಬೋರ್‌ವೆಲ್‌ಗೆ ಹೋಗಬೇಕಾಗುತ್ತದೆ, ಅಲ್ಲಿ ಗಡಸುತನ 300 ದಾಟುತ್ತದೆ. ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದ ಅಂಕಿಗಳು. ಲೀಟರಿಗೆ 300 ಮಿಲಿಗ್ರಾಂ ಇರುವ ನೀರು ದಿನಕ್ಕೆ 12 ಸಾವಿರ ಲೀಟರ್ ಎಂದರೆ, ಸಾಫ್ಟ್‌ನರ್ ಇಲ್ಲದಿದ್ದರೆ ಪ್ರತಿದಿನ 3.6 ಕಿಲೋ ಸುಣ್ಣದಕಲ್ಲಿನಷ್ಟು ಪದಾರ್ಥ ಬಾಯ್ಲರ್ ಒಳಗೆ ಸೇರುತ್ತದೆ. ಅದರ ಬಹುಪಾಲು ಟ್ಯೂಬ್‌ಗಳ ಮೈಗೆ ಅಂಟಿ ಕುಳಿತುಕೊಳ್ಳುತ್ತದೆ.

ರೆಸಿನ್ ಎಂದರೆ ಸಾಸಿವೆಗಿಂತಲೂ ಸಣ್ಣ, ಜೇನಿನ ಬಣ್ಣದ ಪ್ಲಾಸ್ಟಿಕ್ ಮಣಿಗಳು. ಮಣಿಯ ಮೈತುಂಬ, ಒಳಗೂ ಹೊರಗೂ, ಋಣ ವಿದ್ಯುದಂಶವಿರುವ ಸಲ್ಫೋನೇಟ್ ಗುಂಪುಗಳು ಕದಲದಂತೆ ಜೋಡಿಸಿಕೊಂಡಿರುತ್ತವೆ. ಪ್ರತಿ ಗುಂಪಿಗೂ ಜೊತೆಗಾರನಾಗಿ ಒಂದು ಸೋಡಿಯಂ ಅಯಾನ್ ಇರಲೇಬೇಕು. ಗಡಸು ನೀರು ಹರಿದು ಬಂದಾಗ ಎರಡು ಸೋಡಿಯಂ ಜಾಗ ಬಿಡುತ್ತವೆ, ಅಲ್ಲಿ ಒಂದು ಕ್ಯಾಲ್ಸಿಯಂ ಅಥವಾ ಮೆಗ್ನೀಷಿಯಂ ಬಂದು ಕೂರುತ್ತದೆ. ಎರಡು ಧನಾಂಶವಿರುವ ಕ್ಯಾಲ್ಸಿಯಂ ಮೇಲೆ ರೆಸಿನ್‌ಗೆ ಸೋಡಿಯಂಗಿಂತ ಹೆಚ್ಚು ಒಲವು. ಆದ್ದರಿಂದ ಈ ಬದಲಾವಣೆ ತಾನಾಗಿಯೇ ನಡೆಯುತ್ತದೆ. ನೀರಿನಲ್ಲಿ ಕರಗಿದ ಲವಣದ ಒಟ್ಟು ಪ್ರಮಾಣ ಇದರಿಂದ ಕಡಿಮೆಯಾಗುವುದಿಲ್ಲ, ಕ್ಯಾಲ್ಸಿಯಂ ಇದ್ದ ಜಾಗಕ್ಕೆ ಸೋಡಿಯಂ ಬರುತ್ತದೆ ಅಷ್ಟೆ. ಸೋಡಿಯಂ ಲವಣಗಳು ಕಾದ ನೀರಿನಲ್ಲಿಯೂ ಕರಗಿಯೇ ಇರುವುದರಿಂದ ಟ್ಯೂಬ್‌ಗೆ ಅಂಟುವುದಿಲ್ಲ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಯಜಮಾನರು ಜೇಬಿನಲ್ಲಿ ಟಿಡಿಎಸ್ ಮೀಟರ್ ಇಟ್ಟುಕೊಂಡು ಸಾಫ್ಟ್‌ನರ್‌ನ ಮುಂದೆಯೂ ಹಿಂದೆಯೂ ಅದ್ದಿ ನೋಡುತ್ತಾರೆ. ಆ ಮೀಟರ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತದೆ. ಅದರಿಂದ ಸಾಫ್ಟ್‌ನರ್ ಕೆಲಸ ಮಾಡುತ್ತಿದೆ ಎಂದಾಗಲಿ, ಮಾಡುತ್ತಿಲ್ಲ ಎಂದಾಗಲಿ ತಿಳಿಯುವುದಿಲ್ಲ.

ಮಣಿಗಳಲ್ಲಿ ಸೋಡಿಯಂ ತೀರುತ್ತಾ ಬಂದಂತೆ ಗಡಸುತನ ಹೊರಕ್ಕೆ ಜಾರತೊಡಗುತ್ತದೆ. ಆಗ ಉಪ್ಪುನೀರು ಹರಿಸಿ ಮಣಿಗಳಿಗೆ ಮತ್ತೆ ಸೋಡಿಯಂ ತುಂಬುವುದೇ ರೀಜನರೇಷನ್. ಲೀಟರ್ ರೆಸಿನ್‌ಗೆ 150 ಗ್ರಾಂ ಲೆಕ್ಕದಲ್ಲಿ 30 ಕಿಲೋ ಉಪ್ಪು ಕೊಟ್ಟರೆ ನಮ್ಮ ರೆಸಿನ್ ಲೀಟರಿಗೆ ಸುಮಾರು 55 ಗ್ರಾಂ, ಅಂದರೆ ಒಟ್ಟು 11 ಕಿಲೋ ಗಡಸುತನ ಹಿಡಿಯುತ್ತದೆ. ನದಿ ನೀರಿಗೆ ಇದು 275 ಕ್ಯೂಬಿಕ್ ಮೀಟರ್‌ವರೆಗೆ, ಅಂದರೆ ಮೂರು ವಾರ ಸಾಕಾಗುತ್ತದೆ. ಬೋರ್‌ವೆಲ್ ನೀರಿಗೆ 36 ಕ್ಯೂಬಿಕ್ ಮೀಟರ್‌ಗೇ ತೀರುತ್ತದೆ. ಹೀಗಾಗಿ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಉಪ್ಪು ಕೊಡಲೇಬೇಕು.

ಆ ದಿನ ನಸುಕಿನ ನಾಲ್ಕೂ ಕಾಲಿಗೆ ನೀರಿನ ಮೀಟರ್ 36 ತೋರಿಸಿತು. ನೆನೆ ಹಾಕಿದ ಭತ್ತ ತೊಟ್ಟಿಯಲ್ಲಿ ತುಂಬಿತ್ತು. ಬಿಸಿನೀರಿನಲ್ಲಿ ನೆನೆದ ಭತ್ತ ಹೊತ್ತು ಮೀರಿದರೆ ಹುಳಿವಾಸನೆ ಹಿಡಿಯುತ್ತದೆ ಎಂಬುದು ಗಿರಣಿಯವರಿಗೆಲ್ಲ ಗೊತ್ತು. ಐದೂವರೆಗೆ ಸ್ಟೀಮ್ ಬೇಕೆಂದು ಕೆಳಗಿನಿಂದ ಎರಡು ಬಾರಿ ಹೇಳಿ ಕಳುಹಿಸಿದ್ದರು. ಫೀಡ್ ಟ್ಯಾಂಕ್‌ನಲ್ಲಿ ಉಳಿದಿದ್ದುದು ಒಂದು ಗಂಟೆಗಾಗುವ ನೀರು. ಸರಿಯಾದ ಕ್ರಮದಲ್ಲಿ ಮಾಡಿದರೆ ರೆಸಿನ್ ಅನ್ನು ಕೆಳಗಿನಿಂದ ಮೇಲಕ್ಕೆ ತೊಳೆಯುವ ಬ್ಯಾಕ್‌ವಾಶ್ 15 ನಿಮಿಷ, ಉಪ್ಪುನೀರು 30, ಸ್ಲೋ ರಿನ್ಸ್ 20, ಫಾಸ್ಟ್ ರಿನ್ಸ್ 20, ಒಟ್ಟು 85 ನಿಮಿಷ ಬೇಕು. ಐದೂ ನಲವತ್ತಕ್ಕೆ ಮುಗಿಯುತ್ತಿತ್ತು. ಹತ್ತು ನಿಮಿಷ ತಡವಾಗುತ್ತದೆ ಎಂದು ಹೇಳಿದ್ದರೆ ಯಾರೂ ನನ್ನನ್ನು ತಿನ್ನುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಗಡಿಯಾರ, ಟ್ಯಾಂಕ್‌ನ ಲೆವೆಲ್ ಗ್ಲಾಸ್, ಹಬೆ ಏಳುತ್ತಿದ್ದ ಭತ್ತದ ತೊಟ್ಟಿ ಇವಿಷ್ಟೇ ನನಗೆ ಕಾಣುತ್ತಿದ್ದವು.

ಬ್ಯಾಕ್‌ವಾಶ್ ಪೂರ್ತಿ ಮಾಡಿದೆ. ನಂತರ ಉಪ್ಪುನೀರನ್ನು ಎಳೆದು ಸಿಲಿಂಡರ್‌ಗೆ ಕೊಡುವ ಎಜೆಕ್ಟರ್‌ನ ನೀರಿನ ವಾಲ್ವ್ ಮತ್ತು ಉಪ್ಪಿನ ತೊಟ್ಟಿಯ ಸಕ್ಷನ್ ವಾಲ್ವ್ ಎರಡನ್ನೂ ಪೂರ್ತಿ ತೆರೆದುಬಿಟ್ಟೆ. ಅರ್ಧ ಗಂಟೆ ಹರಿಯಬೇಕಾದ ಉಪ್ಪುನೀರು ಹತ್ತು ನಿಮಿಷದಲ್ಲಿ ಖಾಲಿಯಾಯಿತು. ಉಪ್ಪು ಹೇಗೂ 30 ಕಿಲೋ ಹೋಯಿತಲ್ಲ, ರೆಸಿನ್‌ಗೆ ಬೇಕಾದುದು ಉಪ್ಪು ತಾನೇ ಎಂಬುದು ಆಗ ನನ್ನ ಲೆಕ್ಕ. ಸ್ಲೋ ರಿನ್ಸ್ ಬಿಟ್ಟು ನೇರವಾಗಿ ಫಾಸ್ಟ್ ರಿನ್ಸ್‌ಗೆ ಹೋದೆ. ಐದು ಗಂಟೆಗೆ ಮಾದರಿ ತೆಗೆದು ಬಫರ್ ಮತ್ತು ಇಂಡಿಕೇಟರ್ ಹಾಕಿದೆ. ಮೆದುವಾದ ನೀರಾದರೆ ಅದು ಶುದ್ಧ ನೀಲಿಯಾಗಬೇಕು, ಗಡಸು ಉಳಿದಿದ್ದರೆ ಕೆಂಪು. ಆ ದಿನ ಬಂದುದು ನೇರಳೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಲೋಟವನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದೆ. ನೀಲಿಗೆ ಹತ್ತಿರವಿದೆ ಎಂದು ನಾನೇ ತೀರ್ಮಾನಿಸಿ ವಾಲ್ವ್ ತಿರುಗಿಸಿದೆ. ಐದೂವರೆಗೆ ಸ್ಟೀಮ್ ಹೋಯಿತು.

ಮರುದಿನ ಬೆಳಿಗ್ಗೆ ಹತ್ತಕ್ಕೆ, ಮೀಟರ್ ಇನ್ನೂ 15 ಕ್ಯೂಬಿಕ್ ಮೀಟರ್ ತೋರಿಸುತ್ತಿದ್ದಾಗಲೇ, ಮಾದರಿ ದ್ರಾಕ್ಷಾರಸದಂತೆ ಕೆಂಪಾಯಿತು. ಸಿಲಿಂಡರ್‌ನ ಮುಚ್ಚಳ ತೆಗೆದು ಒಂದು ಹಿಡಿ ರೆಸಿನ್ ನೋಡಿದೆ. ಮಣಿಗಳ ಬಣ್ಣ ನನ್ನ ನೆನಪಿಗಿಂತ ಗಾಢವಾಗಿತ್ತು. ನಮ್ಮ ಕಡೆಯ ಕೆಂಪು ಮಣ್ಣಿನ ಬೋರ್‌ವೆಲ್‌ಗಳಲ್ಲಿ ಕಬ್ಬಿಣಾಂಶ ಇರುತ್ತದೆ, ಕಬ್ಬಿಣ ಮಣಿಗಳ ಮೇಲೆ ತುಕ್ಕಾಗಿ ಕುಳಿತರೆ ಉಪ್ಪಿನಿಂದ ಅದು ಬಿಡುವುದಿಲ್ಲ ಎಂಬುದೂ ನನಗೆ ಗೊತ್ತಿತ್ತು. ಅರೆಬರೆ ತಿಳಿವಳಿಕೆ ನನ್ನನ್ನು ತಪ್ಪು ದಾರಿಗೆ ಎಳೆದದ್ದು ಇಲ್ಲಿಯೇ. ಕಬ್ಬಿಣ ರೆಸಿನ್ ಅನ್ನು ಕೆಡಿಸಿದೆ, ಹೊಸದು ತರಿಸಬೇಕು ಎಂದು ಯಜಮಾನರಿಗೆ ಬರೆದುಕೊಟ್ಟೆ. ಕೊಟೇಶನ್ ಕೂಡ ತರಿಸಿದೆ.

ನಮ್ಮಲ್ಲಿ ಹಳಬರಾದ ಬಾಯ್ಲರ್ ಅಟೆಂಡೆಂಟ್ ಒಬ್ಬರಿದ್ದಾರೆ, ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತೇವೆ. ಅವರು ಲಾಗ್‌ಬುಕ್ ತಿರುವಿ ನೋಡಿ, "ಕಬ್ಬಿಣ ಒಂದೇ ರಾತ್ರಿಯಲ್ಲಿ ಬರುತ್ತದೇನೋ ಮಾರಾಯ? ಮೊನ್ನೆಯವರೆಗೆ 36 ಕೊಟ್ಟ ರೆಸಿನ್ ಇಂದು 15ಕ್ಕೆ ಹೇಗೆ ಬಿತ್ತು? ಉಪ್ಪು ಎಷ್ಟು ಹೊತ್ತು ಬಿಟ್ಟೆ, ಅದನ್ನು ಹೇಳು" ಎಂದು ಕೇಳಿದರು. ನಾನು ಹತ್ತು ನಿಮಿಷ ಎಂದೆ. ಅವರು ಪುಸ್ತಕ ಮುಚ್ಚಿಟ್ಟು ಉಪ್ಪಿನ ತೊಟ್ಟಿಯ ಕಡೆ ಹೋದರು.

ಅವರು ಕೇಳಿದ್ದರ ಹಿಂದಿನ ಕಾರಣವನ್ನು ನಾನು ಆಮೇಲೆ ಲೆಕ್ಕ ಹಾಕಿ ನೋಡಿಕೊಂಡೆ. ರೆಸಿನ್‌ಗೆ ಕ್ಯಾಲ್ಸಿಯಂ ಮೇಲೆಯೇ ಒಲವು ಹೆಚ್ಚಾದರೆ ಉಪ್ಪಿನಲ್ಲಿರುವ ಸೋಡಿಯಂ ಅದನ್ನು ಹೊರಹಾಕುವುದಾದರೂ ಹೇಗೆ? ಬೋರ್‌ವೆಲ್ ನೀರಿನಲ್ಲಿರುವ ಗಡಸುತನದ ಅಯಾನುಗಳಿಗೆ ಹೋಲಿಸಿದರೆ ಹತ್ತು ಪ್ರತಿಶತ ಉಪ್ಪುನೀರಿನಲ್ಲಿ ಸೋಡಿಯಂ, ವಿದ್ಯುದಂಶದ ಲೆಕ್ಕದಲ್ಲಿ, ಸುಮಾರು ಮುನ್ನೂರು ಪಟ್ಟು ದಟ್ಟವಾಗಿರುತ್ತದೆ. ಅಷ್ಟು ದಟ್ಟ ದ್ರಾವಣದಲ್ಲಿ ಕ್ಯಾಲ್ಸಿಯಂ ಮೇಲಿನ ರೆಸಿನ್‌ನ ಒಲವೂ ಕುಗ್ಗುತ್ತದೆ. ಎರಡೂ ಸೇರಿ ಕ್ಯಾಲ್ಸಿಯಂ ಜಾಗ ಬಿಡುತ್ತದೆ. ಆದರೆ ಅದು ಕೂತಿರುವುದು ಮಣಿಯ ಹೊರಮೈಯಲ್ಲಿ ಮಾತ್ರವಲ್ಲ, ಹೆಚ್ಚಿನದು ಒಳಗಿದೆ. ಸೋಡಿಯಂ ಒಳಕ್ಕೆ ಇಳಿಯಬೇಕು, ಕ್ಯಾಲ್ಸಿಯಂ ನಿಧಾನವಾಗಿ ಹೊರಕ್ಕೆ ಬರಬೇಕು, ಅದಕ್ಕೆ ಸಮಯ ಬೇಕು. ಹತ್ತು ನಿಮಿಷದಲ್ಲಿ ಹರಿದುಹೋದ ಉಪ್ಪಿನ ದೊಡ್ಡ ಪಾಲು ಕೆಲಸ ಮಾಡದೆಯೇ ಡ್ರೈನ್ ಸೇರಿತ್ತು. ಸ್ಲೋ ರಿನ್ಸ್ ಎಂಬುದು ಬರಿಯ ತೊಳೆಯುವ ಕೆಲಸವಲ್ಲ. ಸಿಲಿಂಡರ್ ಒಳಗೆ ಇನ್ನೂ ಉಳಿದ ಉಪ್ಪುನೀರನ್ನು ಅದೇ ನಿಧಾನಗತಿಯಲ್ಲಿ ಕೆಳಕ್ಕೆ ತಳ್ಳುವ ಕೆಲಸ ಅದು. ಅದನ್ನು ಬಿಟ್ಟದ್ದರಿಂದ ತಳದ ರೆಸಿನ್‌ಗೆ ಸಲ್ಲಬೇಕಾದ ಪಾಲೂ ತಪ್ಪಿತು.

ನೇರಳೆ ಬಣ್ಣದ ಅರ್ಥವೂ ಇದರಿಂದಲೇ ತಿಳಿಯಿತು. ನಮ್ಮಲ್ಲಿ ನೀರೂ ಉಪ್ಪೂ ಎರಡೂ ಮೇಲಿನಿಂದ ಕೆಳಕ್ಕೇ ಹರಿಯುತ್ತವೆ. ಮೇಲಿನ ಪದರದಿಂದ ಬಿಟ್ಟ ಕ್ಯಾಲ್ಸಿಯಂ ಕೆಳಗಿನ ಪದರವನ್ನು ದಾಟಿಯೇ ಹೋಗಬೇಕಾದ್ದರಿಂದ ಅತ್ಯಂತ ಕಡಿಮೆ ಚೊಕ್ಕಟವಾಗುವುದು ತಳದ ಪದರ. ಅಲ್ಲಿ ಉಳಿದ ಕ್ಯಾಲ್ಸಿಯಂ ಅನ್ನು ಮೇಲಿನಿಂದ ಬರುವ ಸೋಡಿಯಂ ತುಂಬಿದ ಮೆದು ನೀರು ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ಒಯ್ಯುತ್ತದೆ. ಐದು ಗಂಟೆಯ ಲೋಟದಲ್ಲಿ ನಾನು ಕಂಡದ್ದು ಅದನ್ನೇ. ಮೆದು ನೀರು ಬರುತ್ತಿತ್ತು, ಆದರೆ ತಳ ಚೊಕ್ಕಟವಾಗಿರಲಿಲ್ಲ. ಸರಿಯಾಗಿ ಉಪ್ಪು ಕಂಡ ಸಾಫ್ಟ್‌ನರ್ ಸ್ಪಷ್ಟವಾದ ನೀಲಿಯನ್ನೇ ಕೊಡುತ್ತದೆ.

ಆ ಮಧ್ಯಾಹ್ನವೇ ಸ್ಟೀಮ್ ನಿಲ್ಲಿಸಿ ಮತ್ತೆ ರೀಜನರೇಷನ್ ಮಾಡಿದೆವು. ತೊಟ್ಟಿಯಲ್ಲಿ 30 ಕಿಲೋ ಕಲ್ಲುಪ್ಪು ಕರಗಿಸಿದರೆ ಸುಮಾರು 100 ಲೀಟರ್ ಪೂರ್ತಿ ದಟ್ಟವಾದ ಉಪ್ಪುನೀರಾಗುತ್ತದೆ. ಅದನ್ನು ಎಜೆಕ್ಟರ್ ತನ್ನ ನೀರಿನೊಂದಿಗೆ ಬೆರೆಸಿ 280 ಲೀಟರ್‌ನಷ್ಟು ಹತ್ತು ಪ್ರತಿಶತದ ದ್ರಾವಣವಾಗಿ ಸಿಲಿಂಡರ್‌ಗೆ ಕೊಡಬೇಕು. ಅಣ್ಣ ಸಿಲಿಂಡರ್‌ನ ಬಾಯಿಯಲ್ಲಿ ಮಾದರಿ ಹಿಡಿದು ದ್ರಾವಣದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿದರು. 1.07 ಬರುವವರೆಗೆ ಸಕ್ಷನ್ ವಾಲ್ವನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ತೊಟ್ಟಿ ಅರ್ಧ ಗಂಟೆಯಲ್ಲಿ ಖಾಲಿಯಾಗುವಂತೆ ನಿಲ್ಲಿಸಿದರು. ಬಳಿಕ ಸ್ಲೋ ರಿನ್ಸ್ 20 ನಿಮಿಷ. ಕೊನೆಗೆ ಮಾದರಿ ತೆಗೆದಾಗ ಯಾವ ಅನುಮಾನಕ್ಕೂ ಎಡೆಯಿಲ್ಲದ ನೀಲಿ ಬಂತು. ಆ ಸರದಿ 35 ಕ್ಯೂಬಿಕ್ ಮೀಟರ್ ದಾಟಿದ ಮೇಲೆ ಕೆಂಪಾಯಿತು. ಕಬ್ಬಿಣದಿಂದ ಕೆಟ್ಟ ರೆಸಿನ್ ಬರಿಯ ಉಪ್ಪಿನಿಂದ ಹೀಗೆ ಮೊದಲಿನ ಸ್ಥಿತಿಗೆ ಬರುವುದಿಲ್ಲ.

ಕೊಟೇಶನ್ ಅನ್ನು ನಾನೇ ಯಜಮಾನರ ಮೇಜಿನಿಂದ ಹಿಂದಕ್ಕೆ ತಂದು, ನಡೆದದ್ದನ್ನು ಹೇಳಿದೆ. ಅವರು ಬೈದರು, ಅದು ಸರಿಯೇ ಇತ್ತು. ಉಪ್ಪುನೀರಿನ ಕೊಳವೆಗೆ ಹರಿವಿನ ವೇಗ ತೋರಿಸುವ ಒಂದು ರೋಟಾಮೀಟರ್ ಬೇಕೆಂದು ಮತ್ತೆ ಬರೆದುಕೊಟ್ಟಿದ್ದೇನೆ. ಅದು ಬರುವವರೆಗೆ ಲಾಗ್‌ಬುಕ್‌ನಲ್ಲಿ ಉಪ್ಪಿನ ಕಿಲೋ ಬರೆಯುವ ಕಾಲಂ ಪಕ್ಕದಲ್ಲಿ ಗೆರೆ ಎಳೆದು ಮೂರು ಹೊಸ ಕಾಲಂ ಮಾಡಿದ್ದೇನೆ: ಉಪ್ಪುನೀರು ಬಿಟ್ಟ ಗಂಟೆ, ತೊಟ್ಟಿ ಖಾಲಿಯಾದ ಗಂಟೆ, ಹೈಡ್ರೋಮೀಟರ್ ಅಂಕಿ. ಬಣ್ಣ ನೋಡುವ ಲೋಟವನ್ನು ಈಗ ಟ್ಯೂಬ್‌ಲೈಟ್ ಕೆಳಗೆ ಇಡುವುದಿಲ್ಲ, ಕಿಟಕಿಯ ಪಕ್ಕದಲ್ಲಿ ಬಿಳಿ ಹಂಚಿನ ಮೇಲೆ ಇಡುತ್ತೇವೆ. ರಾತ್ರಿ ಪಾಳಿಯಲ್ಲಿ ನೇರಳೆ ಕಂಡರೆ ವಾಲ್ವ್ ತಿರುಗಿಸದೆ ಇನ್ನೊಮ್ಮೆ ಸ್ಲೋ ರಿನ್ಸ್‌ನ ದಾಖಲೆ ನೋಡುತ್ತೇವೆ, ಅನುಮಾನ ಉಳಿದರೆ ಅರ್ಧ ಉಪ್ಪಿನಿಂದ ಮತ್ತೊಮ್ಮೆ ಮಾಡುತ್ತೇವೆ. ಭತ್ತ ನೆನೆ ಹಾಕುವವರಿಗೆ ಸ್ಟೀಮ್ ತಡವಾಗುವ ಸುದ್ದಿ ನಾಲ್ಕು ಗಂಟೆಗೇ ಹೋಗುತ್ತದೆ.