ಸೊನ್ನೆಯಾದ 1+x

ಎಂ.ಎಸ್ಸಿ. ಎರಡನೆಯ ಸೆಮಿಸ್ಟರಿನಲ್ಲಿ ನಾವೆಲ್ಲ ಒಬ್ಬೊಬ್ಬರಾಗಿ ಅರ್ಧ ಗಂಟೆ ಸೆಮಿನಾರ್ ಕೊಡಬೇಕಿತ್ತು. ನನ್ನ ಪಾಲಿಗೆ ಬಂದದ್ದು ಬಹುಪದಗಳನ್ನು x²+1ರಿಂದ ಭಾಗಿಸಿ, ಉಳಿದ ಶೇಷಗಳಿಂದಲೇ ಸಂಕೀರ್ಣ ಸಂಖ್ಯೆಗಳನ್ನು ಕಟ್ಟುವ ವಿಷಯ. ಸುಲಭದ್ದು ಸಿಕ್ಕಿತು ಎಂದು ಗೆಳೆಯರು ಹೊಟ್ಟೆಕಿಚ್ಚು ಪಟ್ಟಿದ್ದರು. ನನಗೂ ಹಾಗೆಯೇ ಅನಿಸಿತ್ತು.

ಊಟ ಮುಗಿದ ಮೇಲಿನ ತರಗತಿ. ಮೇಡಂ ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ನಾನು ಒಂದು ಉದಾಹರಣೆಯಿಂದ ಆರಂಭಿಸಿದೆ. x³+2x²+5 ಅನ್ನು x²+1ರಿಂದ ಭಾಗಿಸಿದರೆ ಭಾಗಲಬ್ಧ x+2, ಶೇಷ 3−x. ಆದರೆ ಇಷ್ಟು ಉದ್ದದ ಭಾಗಾಕಾರ ಬೇಕಾಗಿಯೇ ಇಲ್ಲ. x²+1 ಅನ್ನು ಸೊನ್ನೆ ಎಂದು ಎಣಿಸುವುದೆಂದರೆ x² ಕಂಡಲ್ಲೆಲ್ಲ −1 ಬರೆಯುವುದು. ಆಗ x³ ಎಂಬುದು −x, 2x² ಎಂಬುದು −2, ಅದಕ್ಕೆ 5 ಕೂಡಿಸಿದರೆ ಅದೇ 3−x. ಭಾಜಕದ ಘಾತ ಎರಡಾದ್ದರಿಂದ ಯಾವ ಬಹುಪದವನ್ನು ತಂದರೂ ಕೊನೆಗೆ ಉಳಿಯುವುದು a+bx ಎಂಬ ರೂಪವೇ.

ಇಂಥ ಎರಡು ಶೇಷಗಳನ್ನು ಗುಣಿಸಿ ತೋರಿಸಿದೆ:

(2+3x)(1−4x) = 2 − 5x − 12x² = 14 − 5x

x ಇದ್ದಲ್ಲಿ i ಬರೆದರೆ ಇದು ಪಿಯುಸಿಯಲ್ಲಿ ಮಾಡಿದ ಲೆಕ್ಕವೇ. i ಎಲ್ಲಿಂದ ಬಂತು, ಋಣಸಂಖ್ಯೆಗೆ ವರ್ಗಮೂಲ ಇರುವುದುಂಟೇ ಎಂಬ ಹಳೆಯ ತಕರಾರು ಇಲ್ಲಿ ಏಳುವುದಿಲ್ಲ. ಯಾವುದನ್ನೂ ಕಲ್ಪಿಸಿಕೊಂಡಿಲ್ಲ, ಬರಿಯ ಶೇಷ ತೆಗೆದಿದ್ದೇವೆ. ಫ್ರಾನ್ಸಿನ ಗಣಿತಜ್ಞ ಕೋಶಿ 1847ರಲ್ಲಿ ಸಂಕೀರ್ಣ ಸಂಖ್ಯೆಗಳಿಗೆ ಅರ್ಥ ಕೊಟ್ಟದ್ದು ಈ ದಾರಿಯಲ್ಲೇ ಎಂದೂ ಸೇರಿಸಿದೆ. ಮೇಡಂ ತಲೆಯಾಡಿಸಿದರು.

ಈ ಶೇಷಗಳ ಲೆಕ್ಕವೂ ಸಂಕೀರ್ಣ ಸಂಖ್ಯೆಗಳ ಲೆಕ್ಕವೂ ಒಂದೇ ಎಂದು ತೋರಿಸುವ ಐಸೊಮಾರ್ಫಿಸಂ ಸಾಧನೆಯೂ ತೊಡಕಿಲ್ಲದೆ ಮುಗಿಯಿತು. ಪ್ರತಿ ಬಹುಪದ p(x)ಗೆ p(i) ಬೆಲೆಯನ್ನು ಹೊಂದಿಸಬೇಕು. a+bx ಎಂಬುದು a+biಗೆ ಹೋಗುವುದರಿಂದ ಯಾವ ಸಂಕೀರ್ಣ ಸಂಖ್ಯೆಯೂ ತಪ್ಪಿಹೋಗುವುದಿಲ್ಲ. ಯಾವುವು ಸೊನ್ನೆಗೆ ಹೋಗುತ್ತವೆ? p ಅನ್ನು x²+1ರಿಂದ ಭಾಗಿಸಿ ಶೇಷ a+bx ಬಂತೆನ್ನಿ. p(i) ಸೊನ್ನೆಯಾದರೆ a+bi ಸೊನ್ನೆ, ಅಂದರೆ a ಮತ್ತು b ಎರಡೂ ಸೊನ್ನೆ, ಅಂದರೆ p ಎಂಬುದು x²+1ರ ಗುಣಕ. ಹೀಗೆ ಕರ್ನೆಲ್ ಎಂದರೆ x²+1ರ ಗುಣಕಗಳು ಮಾತ್ರ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಇನ್ನೂ ಎಂಟು ನಿಮಿಷ ಉಳಿದಿತ್ತು. ಸುಮ್ಮನೆ ಕುಳಿತಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಹುರುಪಿನಲ್ಲಿ ಒಂದು ಮಾತು ಸೇರಿಸಿದೆ: “ವಾಸ್ತವ ಸಂಖ್ಯೆಗಳ ಬದಲು 0 ಮತ್ತು 1 ಮಾತ್ರ ಇರುವ ಮಾಡ್ಯುಲೊ 2 ತೆಗೆದುಕೊಂಡರೆ, ಇದೇ ರೀತಿ ನಾಲ್ಕೇ ನಾಲ್ಕು ಸದಸ್ಯರಿರುವ ಪುಟ್ಟ ಸಂಕೀರ್ಣ ಫೀಲ್ಡ್ ಸಿಗುತ್ತದೆ.”

“ನಾಲ್ಕೇ ತಾನೇ? ಗುಣಾಕಾರದ ಕೋಷ್ಟಕ ಬರೆದುಬಿಡಪ್ಪ” ಎಂದರು ಮೇಡಂ, ಕುಳಿತಲ್ಲಿಂದಲೇ.

ಸದಸ್ಯರು 0, 1, x, 1+x. ಸೊನ್ನೆಯ ಸಾಲು, ಒಂದರ ಸಾಲು ಬರೆಯಲು ಯೋಚಿಸಬೇಕಾಗಿಲ್ಲ. x·x ಎಂದರೆ −1, ಮಾಡ್ಯುಲೊ 2ರಲ್ಲಿ 1+1 ಸೊನ್ನೆಯಾದ್ದರಿಂದ −1 ಎಂದರೆ 1. x(1+x) ಎಂದರೆ x+x², ಅಂದರೆ 1+x. ಅದಕ್ಕೆ x ಗುಣಿಸಿದರೂ ಅದು ಅಲ್ಲಾಡಲಿಲ್ಲ, ಆಗಲೇ ಅನುಮಾನ ಬರಬೇಕಿತ್ತು. ಕೊನೆಯ ಮನೆ ಉಳಿದಿತ್ತು:

(1+x)(1+x) = 1 + 2x + x² = 1 + 0 + 1 = 0

ಸೀಮೆಸುಣ್ಣ ಅಲ್ಲೇ ನಿಂತಿತು. ಸೊನ್ನೆಯಲ್ಲದ ಸಂಖ್ಯೆಯೊಂದು ತನ್ನನ್ನೇ ಗುಣಿಸಿಕೊಂಡು ಸೊನ್ನೆಯಾಗಿತ್ತು. ಸೊನ್ನೆಯಲ್ಲದ ಪ್ರತಿ ಸದಸ್ಯನಿಗೂ ವಿಲೋಮ ಇರಲೇಬೇಕಾದ ಫೀಲ್ಡಿನಲ್ಲಿ ಇದಕ್ಕೆ ಜಾಗವಿಲ್ಲ. 1+xಗೆ ವಿಲೋಮವಿದ್ದರೆ ಅದರಿಂದ ಎರಡೂ ಕಡೆ ಗುಣಿಸಿ 1+x = 0 ಎಂದು ಬರೆಯಬೇಕಾಗುತ್ತಿತ್ತು. ಕೋಷ್ಟಕದ ಆ ಸಾಲಿನಲ್ಲಿ 0, 1+x, 1+x, 0 ಇದ್ದವು. 1 ಎಲ್ಲಿಯೂ ಇರಲಿಲ್ಲ.

“x²+1ರಲ್ಲಿ x = 1 ಹಾಕು” ಎಂದರು. ಹಾಕಿದೆ. 1+1 = 0. ಎರಡು ದಿನ ತಯಾರಿ ನಡೆಸಿದವನಿಗೆ ಈ ಒಂದು ಸಾಲು ಹೊಳೆದಿರಲಿಲ್ಲ. x²+1 ಎಂದೊಡನೆ ಒಡೆಯದ ಬಹುಪದ ಎಂದು ತಲೆ ತಾನಾಗಿ ಹೇಳುತ್ತಿತ್ತು. ಒಡೆಯದಿರುವುದು ವಾಸ್ತವ ಸಂಖ್ಯೆಗಳ ಮೇಲೆ. ಮಾಡ್ಯುಲೊ 2ರಲ್ಲಿ ಅದು (x+1)², ಬಾಗಿಲು ತೆರೆದೇ ಇತ್ತು.

ನಾಚಿಕೆ ಇಳಿದ ಮೇಲೆ, ಹಾಸ್ಟೆಲಿನಲ್ಲಿ, ಸಾಧನೆಯ ಯಾವ ಹೆಜ್ಜೆ ಮುರಿಯಿತು ಎಂದು ಹುಡುಕಿದೆ. ಮಾಡ್ಯುಲೊ 2ರಲ್ಲಿ −1ರ ವರ್ಗಮೂಲ 1 ಎಂಬುದೇ. ಹಾಗಾಗಿ p(i)ಯ ಜಾಗದಲ್ಲಿ p(1) ಇಡಬೇಕು. ಆಗ ಬೆಲೆ 0 ಅಥವಾ 1, ನಾಲ್ಕು ಸದಸ್ಯರಿಗೆ ಅಲ್ಲಿ ಸ್ಥಳವಿಲ್ಲ. x+1 ಸೊನ್ನೆಗೆ ಹೋಗುತ್ತದೆ, ಆದರೆ ಅದು x²+1ರ ಗುಣಕವಲ್ಲ. ಕರ್ನೆಲ್ ಉಬ್ಬಿಬಿಟ್ಟಿತು.

ವಿಲೋಮದ ಕಡೆಯಿಂದ ನೋಡಿದರೂ ಅದೇ ಕಥೆ. 2+3xನ ವಿಲೋಮ ಬೇಕಾದರೆ 2−3xನಿಂದ ಗುಣಿಸುತ್ತೇವೆ, 4+9 = 13 ಬರುತ್ತದೆ, ಹಾಗಾಗಿ ವಿಲೋಮ (2−3x)/13. ಇದೆಲ್ಲ ನಿಂತಿರುವುದು a²+b² ಸೊನ್ನೆಯಾಗದು ಎಂಬ ನಂಬಿಕೆಯ ಮೇಲೆ. ವಾಸ್ತವ ಸಂಖ್ಯೆಗಳ ವರ್ಗಗಳು ಋಣವಲ್ಲವಾದ್ದರಿಂದ a, b ಎರಡೂ ಸೊನ್ನೆಯಾಗದ ಹೊರತು ಅಲ್ಲಿ ಅದು ನಿಜ. ಮಾಡ್ಯುಲೊ 2ರಲ್ಲಿ 1²+1² ಸೊನ್ನೆ. ಮಾಡ್ಯುಲೊ 3ರಲ್ಲಿ ವರ್ಗಗಳು 0 ಮತ್ತು 1 ಮಾತ್ರ, 1+1 ಅಲ್ಲಿ 2 ಆಗಿಯೇ ಉಳಿಯುತ್ತದೆ. ಹಾಗಾಗಿ ನನ್ನ ಮಾತನ್ನು 3ರ ಬಗ್ಗೆ ಆಡಿದ್ದರೆ ಒಂಬತ್ತು ಸದಸ್ಯರ ನಿಜವಾದ ಫೀಲ್ಡ್ ಸಿಕ್ಕಿ, ಚಪ್ಪಾಳೆಯೂ ಬೀಳುತ್ತಿತ್ತೋ ಏನೋ!

ಸೋತ ಆ ರಿಂಗನ್ನೂ ಸ್ವಲ್ಪ ಹೊತ್ತು ನೋಡಿದೆ. 1+xಗೆ ε ಎಂದು ಹೆಸರಿಟ್ಟರೆ ನಾಲ್ಕು ಸದಸ್ಯರು 0, 1, ε, 1+ε ಆಗುತ್ತಾರೆ, ನಿಯಮ ε² = 0. ವರ್ಗ ಮಾಡಿದರೆ ಮಾಯವಾಗುವ, ಆದರೆ ತಾನು ಸೊನ್ನೆಯಲ್ಲದ ಒಂದು ಕಿರಿದು. ಫೀಲ್ಡ್ ಅಲ್ಲ ಎಂದು ತಿರಸ್ಕರಿಸಲು ಮನಸ್ಸಾಗಲಿಲ್ಲ.

ಮರುದಿನ ಕಾರಿಡಾರಿನಲ್ಲಿ ಮೇಡಂ ಎದುರಾದರು. “ನಾಲ್ಕರ ಫೀಲ್ಡ್ ಬೇಕಿದ್ದರೆ x²+x+1 ತಗೊ” ಎಂದು ಹೇಳಿ ಹೋದರು. 0 ಹಾಕಿದರೂ 1 ಹಾಕಿದರೂ ಬೆಲೆ 1, ಎರಡನೆಯ ಘಾತದ ಬಹುಪದ ಒಡೆಯಲು ಮೂಲ ಬೇಕು, ಮೂಲವಿಲ್ಲ. ಈ ಸಲ x² ಎಂದರೆ x+1, ಆಗ x(x+1) = x²+x = 1. ಎರಡೂ ಒಂದಕ್ಕೊಂದು ವಿಲೋಮ. ಕೋಷ್ಟಕ ಚೊಕ್ಕವಾಗಿ ತುಂಬಿತು.

ಕಾಡಿದ್ದು ಬೇರೆ ಪ್ರಶ್ನೆ. ಇದೇ x²+x+1 ಅನ್ನು ವಾಸ್ತವ ಸಂಖ್ಯೆಗಳ ಮೇಲೆ ಇಟ್ಟರೆ ಏನು ಸಿಗುತ್ತದೆ? ಮತ್ತೆ ಸಂಕೀರ್ಣ ಸಂಖ್ಯೆಗಳೇ. ಅಲ್ಲಿ x²+1 ಇಟ್ಟರೂ x²+x+1 ಇಟ್ಟರೂ ವ್ಯತ್ಯಾಸವಿಲ್ಲ, ಇಲ್ಲಿ ಒಂದು ಫೀಲ್ಡ್, ಇನ್ನೊಂದು ಅಲ್ಲ. ಯಾಕೆ? ಉತ್ತರ ಹೈಸ್ಕೂಲಿನ ವರ್ಗ ಪೂರ್ಣಗೊಳಿಸುವ ವಿಧಾನದಲ್ಲಿತ್ತು:

x²+x+1 = (x + 1/2)² + 3/4

x + 1/2 ಅನ್ನು √3/2ರಿಂದ ಭಾಗಿಸಿ y ಎಂದು ಕರೆದರೆ y² = −1. ಒಂದು ಬಹುಪದ ಇನ್ನೊಂದಾಗಿ ವೇಷ ಬದಲಿಸುವ ದಾರಿ ಇದು. ದಾರಿಯ ಮೊದಲ ಹೆಜ್ಜೆಗೇ ಬೇಕಾದದ್ದು 1/2. ಮಾಡ್ಯುಲೊ 2ರಲ್ಲಿ 2 ಎಂದರೆ ಸೊನ್ನೆ, ಅದರಿಂದ ಭಾಗಿಸುವಂತಿಲ್ಲ.